ಮ್ಯಾನೇಜರ್ ಬರೆದುಕೊಡಬೇಕಾದ ಒಂದು ಪುಟ

ಸಿಐಎಸ್‌ಎಸ್‌ಪಿ ಪರೀಕ್ಷೆ ಮುಗಿಸಿ ಹೊರಬಂದವರಿಗೆ ಪರೀಕ್ಷಾ ಕೇಂದ್ರದ ಕೌಂಟರಿನಲ್ಲಿ ಒಂದು ಹಾಳೆ ಕೊಡುತ್ತಾರೆ. ಪಾಸಾದವರ ಹಾಳೆಯಲ್ಲಿ ಅಂಕ ಇರುವುದಿಲ್ಲ. ತಾತ್ಕಾಲಿಕವಾಗಿ ತೇರ್ಗಡೆ ಎಂದಷ್ಟೇ ಇರುತ್ತದೆ. ಹೆಚ್ಚೆಂದರೆ ಮೂರು ಗಂಟೆ, ನೂರರಿಂದ ನೂರೈವತ್ತು ಪ್ರಶ್ನೆ, ಅದಕ್ಕಾಗಿ ತಿಂಗಳುಗಟ್ಟಲೆ ಓದು. ಅಷ್ಟಾದರೂ ಆ ಐದಕ್ಷರವನ್ನು ಹೆಸರಿನ ಮುಂದೆ ಹಾಕಿಕೊಳ್ಳುವ ಹಕ್ಕು ಇನ್ನೂ ಬಂದಿರುವುದಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ್ದು ನಿಜ ಎಂದು ಬಲ್ಲವರೊಬ್ಬರು ಸಾಕ್ಷಿ ಹೇಳಬೇಕು. ಅದಕ್ಕಿರುವ ಗಡುವು ಪಾಸಾದ ದಿನದಿಂದ ಒಂಬತ್ತು ತಿಂಗಳು.

ಕಂಪ್ಯೂಟರ್ ಭದ್ರತೆಯ ಕ್ಷೇತ್ರದಲ್ಲಿ ಹೆಚ್ಚು ಬೆಲೆಯಿರುವ ಪ್ರಮಾಣಪತ್ರಗಳಲ್ಲಿ ಇದೂ ಒಂದು. ಕೊಡುವ ಸಂಸ್ಥೆ ಅಮೆರಿಕದ ಐಎಸ್‌ಸಿ2. ಸಂಸ್ಥೆ ಹುಟ್ಟಿದ್ದು 1989ರಲ್ಲಿ, ಈ ಪ್ರಮಾಣಪತ್ರ ಶುರುವಾದದ್ದು 1994ರಲ್ಲಿ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಚೇರಿಗಳಲ್ಲಿ ಸೆಕ್ಯುರಿಟಿ ವಿಭಾಗದ ಮೇಲಿನ ಹುದ್ದೆಗಳ ಜಾಹೀರಾತು ನೋಡಿದರೆ ಈ ಹೆಸರು ಆಗಾಗ ಕಣ್ಣಿಗೆ ಬೀಳುತ್ತದೆ.

ನಿಯಮ ಹೀಗಿದೆ. ಐಎಸ್‌ಸಿ2 ಭದ್ರತೆಯ ಕೆಲಸವನ್ನು ಎಂಟು ಕ್ಷೇತ್ರಗಳಾಗಿ ವಿಂಗಡಿಸಿದೆ. ಅವುಗಳಲ್ಲಿ ಕನಿಷ್ಠ ಎರಡರಲ್ಲಿ, ಒಟ್ಟು ಐದು ವರ್ಷ ದುಡಿದಿರಬೇಕು. ಕಂಪ್ಯೂಟರ್ ಸೈನ್ಸ್ ಅಥವಾ ಅದಕ್ಕೆ ಹತ್ತಿರದ ಪದವಿ ಇದ್ದರೆ ಒಂದು ವರ್ಷದ ರಿಯಾಯಿತಿ ಸಿಗುತ್ತದೆ. ಸಂಸ್ಥೆ ಒಪ್ಪಿದ ಬೇರೊಂದು ಪ್ರಮಾಣಪತ್ರ ಇದ್ದರೂ ಅಷ್ಟೇ. ಎರಡೂ ಇದ್ದರೆ ಎರಡು ವರ್ಷ ಬಿಡುವುದಿಲ್ಲ, ಒಂದೇ. ಪಾಸಾಗಿಯೂ ಅನುಭವ ಸಾಲದವರು ‘ಅಸೋಸಿಯೇಟ್’ ಆಗಿ ಉಳಿದು, ಆರು ವರ್ಷದೊಳಗೆ ಕೊರತೆ ತುಂಬಿಕೊಳ್ಳಬಹುದು.

ಸಾಕ್ಷಿ ಹೇಳುವುದು ಅಂದರೆ ಎಂಡಾರ್ಸ್ ಮಾಡುವುದು. ಈಗಾಗಲೇ ಐಎಸ್‌ಸಿ2 ಪ್ರಮಾಣಪತ್ರ ಪಡೆದು, ಸದಸ್ಯತ್ವ ಚಾಲ್ತಿಯಲ್ಲಿ ಇಟ್ಟುಕೊಂಡಿರುವ ಯಾರಾದರೂ ಇದನ್ನು ಮಾಡಬಹುದು. ಅವರು ಮ್ಯಾನೇಜರೇ ಆಗಿರಬೇಕೆಂದಿಲ್ಲ. ಇಲ್ಲೇ ಬಹಳ ಮಂದಿ ಎಡವುವುದು: ಎಂಡಾರ್ಸ್ ಮಾಡುವವರು ಮತ್ತು ಕೆಲಸವನ್ನು ದೃಢೀಕರಿಸುವ ಮೇಲಧಿಕಾರಿ ಒಬ್ಬರೇ ಎಂದುಕೊಳ್ಳುತ್ತಾರೆ. ಕೆಲವೊಮ್ಮೆ ಒಬ್ಬರೇ ಆಗಿರುವುದುಂಟು, ಆದರೆ ಎರಡೂ ಬೇರೆ ಬೇರೆ ಪಾತ್ರಗಳು. ಒಬ್ಬರು ‘ಇವರ ಅರ್ಜಿಯಲ್ಲಿರುವುದು ಸರಿ’ ಎಂದು ಸಂಸ್ಥೆಗೆ ಹೇಳುತ್ತಾರೆ. ಇನ್ನೊಬ್ಬರು ‘ನನ್ನ ಕೈಕೆಳಗೆ ಇವರು ಇಂಥ ಕೆಲಸ ಮಾಡಿದರು’ ಎಂದು ಬರೆದುಕೊಡುತ್ತಾರೆ. ಪರಿಚಯದ ಸದಸ್ಯರು ಯಾರೂ ಇಲ್ಲದಿದ್ದರೆ ಐಎಸ್‌ಸಿ2 ತಾನೇ ಎಂಡಾರ್ಸ್ ಮಾಡುತ್ತದೆ, ಆದರೆ ಆಗ ಕಾಗದಪತ್ರ ಕೇಳುತ್ತದೆ. ಸದಸ್ಯರೇ ಸಾಕ್ಷಿ ಹೇಳಿದ ಅರ್ಜಿಗಳಲ್ಲೂ ಕೆಲವನ್ನು ಹಾಗೇ ಎತ್ತಿಕೊಂಡು ತಪಾಸಣೆಗೆ ಹಾಕುವ ಪದ್ಧತಿ ಇದೆ. ಎರಡೂ ಕಡೆ ಅರ್ಜಿದಾರರನ್ನು ಕಾಯುವುದು ಮೇಲಧಿಕಾರಿಯ ಪತ್ರವೇ.

ನಮ್ಮಲ್ಲಿ ಕೆಲಸ ಬಿಡುವಾಗ ಎಚ್‌ಆರ್‌ನವರು ಕೊಡುವ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಲೆಟರ್ ಎಲ್ಲರ ಫೈಲಿನಲ್ಲೂ ಇರುತ್ತವೆ. ಅದೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಆ ಪತ್ರ ತೆಗೆದು ಓದಿದರೆ ಉತ್ತರ ಸಿಗುತ್ತದೆ. ಸೇರಿದ ತಾರೀಖು, ಬಿಟ್ಟ ತಾರೀಖು, ಕೊನೆಯ ಹುದ್ದೆಯ ಹೆಸರು, ನಡತೆ ಚೆನ್ನಾಗಿತ್ತು, ಮುಂದಿನ ಬದುಕಿಗೆ ಶುಭವಾಗಲಿ. ಮುಗಿಯಿತು. ಬೆಳಗಿನಿಂದ ಸಂಜೆವರೆಗೆ ಆ ವ್ಯಕ್ತಿ ಏನು ಮಾಡುತ್ತಿದ್ದರು ಎಂಬುದರ ಸುಳಿವೇ ಅದರಲ್ಲಿಲ್ಲ. ‘ಸಿಸ್ಟಮ್ಸ್ ಇಂಜಿನಿಯರ್’ ಎಂಬ ಹುದ್ದೆಯಲ್ಲಿ ಫೈರ್‌ವಾಲ್ ನೋಡಿಕೊಂಡವರೂ ಇರುತ್ತಾರೆ, ಸಂಬಳದ ಸಾಫ್ಟ್‌ವೇರಿಗೆ ಕೋಡ್ ಬರೆದವರೂ ಇರುತ್ತಾರೆ. ಹುದ್ದೆಯ ಹೆಸರಿನಲ್ಲಿ ‘ಸೆಕ್ಯುರಿಟಿ’ ಇರಲೇಬೇಕು ಎಂಬ ನಿಯಮವಿಲ್ಲ. ಕೆಲಸದಲ್ಲಿ ಅದು ಇರಬೇಕು. ಅದನ್ನು ಹೇಳಬಲ್ಲವರು ಎಚ್‌ಆರ್‌ನವರಲ್ಲ, ಪಕ್ಕದಲ್ಲಿದ್ದು ಕೆಲಸ ಮಾಡಿಸಿದ ಮ್ಯಾನೇಜರ್.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಮುಗಿಸಿದ ಹೆಣ್ಣುಮಗಳೊಬ್ಬಳು 2018ರ ಆಗಸ್ಟ್ 1ಕ್ಕೆ ಬೆಂಗಳೂರಿನ ಕಂಪನಿಯೊಂದಕ್ಕೆ ಸೇರುತ್ತಾಳೆ. 2021ರ ಮಾರ್ಚ್ ಕೊನೆಗೆ ಅದನ್ನು ಬಿಟ್ಟು, ಮಾರನೆಯ ದಿನವೇ ಇನ್ನೊಂದು ಕಡೆ ಭದ್ರತಾ ನಿಗಾ ಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿ ಪಾಳಿಯ ಮೇಲೆ ಅಲರ್ಟ್ ನೋಡುವ ಕೆಲಸ. 2023ರ ಜೂನ್ ಕೊನೆಗೆ ಅರ್ಜಿ. ಮೊದಲ ಕಂಪನಿಯಲ್ಲಿ 32 ತಿಂಗಳು, ಎರಡನೆಯದರಲ್ಲಿ 27, ಒಟ್ಟು 59. ಪದವಿಗೆ ಒಂದು ವರ್ಷ ಬಿಟ್ಟರೆ ಬೇಕಾದದ್ದು 48 ತಿಂಗಳು. ಮೇಲ್ನೋಟಕ್ಕೆ ಧಾರಾಳ.

ಆದರೆ ಮೊದಲ ಎಂಟು ತಿಂಗಳು ಟ್ರೈನಿಂಗು, ಆಮೇಲೆ ಹೆಲ್ಪ್‌ಡೆಸ್ಕು. ಪ್ರಿಂಟರ್ ಕೆಟ್ಟಿದೆ, ಲ್ಯಾಪ್‌ಟಾಪ್ ನಿಧಾನ ಎಂಬ ದೂರುಗಳಿಗೆ ಟಿಕೆಟ್ ಹಾಕುವ ಕೆಲಸ ಎಂಟು ಕ್ಷೇತ್ರಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ನಿಜವಾದ ಲೆಕ್ಕ ಶುರುವಾಗುವುದು 2019ರ ಏಪ್ರಿಲಿನಿಂದ, ಅವಳನ್ನು ನೆಟ್‌ವರ್ಕ್ ತಂಡಕ್ಕೆ ಹಾಕಿದ ಮೇಲೆ. ಅಲ್ಲಿಗೆ 24 ತಿಂಗಳು, ಎರಡನೆಯ ಕಡೆಯ 27, ಒಟ್ಟು 51. ಈಗಲೂ ಸಾಕು, ಆದರೆ ಉಳಿದದ್ದು ಮೂರೇ ತಿಂಗಳು. ಈ ಮಿತಿಯಲ್ಲಿ ಪತ್ರದ ಒಂದು ತಾರೀಖು ಅತ್ತಿತ್ತ ಆದರೂ ಅರ್ಜಿ ಕೆಳಗೆ ಬೀಳುತ್ತದೆ.

ಹಳೆಯ ಮ್ಯಾನೇಜರಿಗೆ ಫೋನ್ ಮಾಡಿದರೆ, ಪ್ರೀತಿಯಿಂದಲೇ ಅವರು ಬರೆದುಕೊಡುವ ಪತ್ರದ ಧಾಟಿ ಗೊತ್ತಿರುವಂಥದ್ದೇ: ‘ಇವರು 2018ರಿಂದ 2021ರವರೆಗೆ ನಮ್ಮ ತಂಡದಲ್ಲಿದ್ದರು. ತುಂಬಾ ಶ್ರದ್ಧಾವಂತರು. ಭದ್ರತೆಗೆ ಸಂಬಂಧಿಸಿದ ಹಲವು ಜವಾಬ್ದಾರಿಗಳನ್ನು ಯಶಸ್ವಿಯಾಗಿ ನಿಭಾಯಿಸಿದರು.’ ಓದಲು ಹಿತವಾಗಿದೆ, ಉಪಯೋಗವಿಲ್ಲ. ತಿಂಗಳಿಲ್ಲದ ವರ್ಷದಿಂದ ಲೆಕ್ಕ ಹಾಕಲಾಗದು. ‘ಹಲವು ಜವಾಬ್ದಾರಿ’ ಯಾವ ಕ್ಷೇತ್ರಕ್ಕೆ ಸೇರುತ್ತದೋ ಯಾರಿಗೂ ತಿಳಿಯದು. ಶ್ರದ್ಧೆಯನ್ನು ಸಂಸ್ಥೆ ಕೇಳಿಯೇ ಇಲ್ಲ.

ಅದೇ ಮ್ಯಾನೇಜರ್ ಹೀಗೆ ಬರೆದರೆ ಕಥೆ ಬೇರೆ: ‘ಇವರು 2018ರ ಆಗಸ್ಟ್ 1ರಿಂದ 2021ರ ಮಾರ್ಚ್ 31ರವರೆಗೆ ಸಿಸ್ಟಮ್ಸ್ ಇಂಜಿನಿಯರ್ ಹುದ್ದೆಯಲ್ಲಿ, ವಾರಕ್ಕೆ 40 ಗಂಟೆ, ಪೂರ್ಣಾವಧಿ ಕೆಲಸ ಮಾಡಿದ್ದಾರೆ. 2019ರ ಏಪ್ರಿಲ್ 1ರಿಂದ ಕೊನೆಯ ದಿನದವರೆಗೆ ನೇರವಾಗಿ ನನ್ನ ಕೈಕೆಳಗಿದ್ದರು. ಆ ಅವಧಿಯಲ್ಲಿ ಫೈರ್‌ವಾಲ್ ನಿಯಮ ಬದಲಿಸಲು ಬಂದ ಕೋರಿಕೆಗಳನ್ನು ಪರಿಶೀಲಿಸಿ ಜಾರಿ ಮಾಡುತ್ತಿದ್ದರು. ಬಳಕೆಯಿಲ್ಲದ ನಿಯಮಗಳನ್ನು ಗುರುತಿಸಿ ತೆಗೆಸುತ್ತಿದ್ದರು. ಮೂರು ತಿಂಗಳಿಗೊಮ್ಮೆ ಸರ್ವರ್‌ಗಳ ಬಳಕೆದಾರರ ಪಟ್ಟಿಯನ್ನು ಆಯಾ ವಿಭಾಗದ ಮುಖ್ಯಸ್ಥರ ಜೊತೆ ತಾಳೆ ನೋಡಿ, ಕೆಲಸ ಬಿಟ್ಟವರ ಖಾತೆ ಮುಚ್ಚುತ್ತಿದ್ದರು.’ ಮೊದಲನೆಯದು ನೆಟ್‌ವರ್ಕ್ ಭದ್ರತೆಯ ಕ್ಷೇತ್ರಕ್ಕೆ, ಎರಡನೆಯದು ಗುರುತು ಮತ್ತು ಪ್ರವೇಶ ನಿರ್ವಹಣೆಯ ಕ್ಷೇತ್ರಕ್ಕೆ ಸೇರುತ್ತದೆ. ಎರಡು ಕ್ಷೇತ್ರದ ಷರತ್ತು ಒಂದೇ ಪತ್ರದಲ್ಲಿ ಪೂರೈಸಿತು. ಕೆಳಗೆ ಹೆಸರು, ಹುದ್ದೆ, ಕಚೇರಿಯ ಇಮೇಲ್, ಫೋನ್, ಸಹಿ, ತಾರೀಖು. ಮೇಲೆ ಕಂಪನಿಯ ಲೆಟರ್‌ಹೆಡ್.

ವಾರದ ಗಂಟೆಯನ್ನು ಬರೆಯುವುದು ಅಲಂಕಾರಕ್ಕಲ್ಲ. ವಾರಕ್ಕೆ ಕನಿಷ್ಠ 35 ಗಂಟೆಯಂತೆ ನಾಲ್ಕು ವಾರ ದುಡಿದರೆ ಐಎಸ್‌ಸಿ2 ಅದನ್ನು ಒಂದು ತಿಂಗಳೆಂದು ಎಣಿಸುತ್ತದೆ. 20ರಿಂದ 34 ಗಂಟೆಯ ಕೆಲಸ ಅರೆಕಾಲಿಕ. ಅಂಥ 1040 ಗಂಟೆಗೆ ಆರು ತಿಂಗಳ ಪೂರ್ಣಾವಧಿ ಅನುಭವ ಎಂಬ ಲೆಕ್ಕ. ಇಂಟರ್ನ್‌ಶಿಪ್ಪಿಗೆ ಸಂಬಳ ಬಂದಿರಲಿ ಬಿಡಲಿ, ಲೆಟರ್‌ಹೆಡ್ಡಿನ ಮೇಲೆ ದೃಢೀಕರಣ ಇದ್ದರೆ ಅದೂ ಪರಿಗಣನೆಗೆ ಬರುತ್ತದೆ.

ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಈ ಪತ್ರವನ್ನು ಬಹುತೇಕ ಮ್ಯಾನೇಜರುಗಳು ಬರೆಯುವುದಿಲ್ಲ. ‘ನೀನೇ ಡ್ರಾಫ್ಟ್ ಮಾಡಿ ಕಳಿಸಮ್ಮಾ, ನೋಡಿ ಸೈನ್ ಮಾಡ್ತೀನಿ’ ಅನ್ನುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಯಾವ ತಿಂಗಳಲ್ಲಿ ಏನು ಮಾಡಿದೆ ಎಂಬುದು ಮಾಡಿದವರಿಗೇ ಚೆನ್ನಾಗಿ ನೆನಪಿರುತ್ತದೆ. ಎಡವಟ್ಟಾಗುವುದು ‘ನೋಡಿ’ ಎಂಬ ಭಾಗ ಬಿಟ್ಟುಹೋದಾಗ. ಡ್ರಾಫ್ಟ್ ಮಾಡುವವರು ಪರೀಕ್ಷೆಯ ಪಠ್ಯವಿವರದಿಂದ ಕ್ಷೇತ್ರಗಳ ವಿವರಣೆಯನ್ನು ಪದಕ್ಕೆ ಪದ ಎತ್ತಿ ಅಂಟಿಸುತ್ತಾರೆ. ಎರಡು ಕಂಪನಿಯ ಇಬ್ಬರು ಮ್ಯಾನೇಜರುಗಳು ಅಲ್ಪವಿರಾಮವೂ ತಪ್ಪದಂತೆ ಒಂದೇ ವಾಕ್ಯ ಬರೆದಿದ್ದಾರೆಂದರೆ ಪರಿಶೀಲಿಸುವವರು ಹುಬ್ಬೇರಿಸದೆ ಇರುತ್ತಾರೆಯೇ? ಮಾಡಿದ ಕೆಲಸವನ್ನು ತಂಡದಲ್ಲಿ ಮಾತಾಡುತ್ತಿದ್ದ ಮಾತಿನಲ್ಲೇ ಬರೆದು, ಇದು ಇಂಥ ಕ್ಷೇತ್ರಕ್ಕೆ ಸಂಬಂಧಿಸಿದ್ದು ಎಂದು ಒಂದು ಸಾಲು ಸೇರಿಸಿದರೆ ಸಾಕು. ಸಹಿ ಹಾಕುವ ಮ್ಯಾನೇಜರ್ ತಾವೇ ಐಎಸ್‌ಸಿ2 ಸದಸ್ಯರಾಗಿದ್ದರೆ ಕಣ್ಣುಮುಚ್ಚಿ ಸಹಿ ಹಾಕುವುದು ಇನ್ನೂ ಅಪಾಯ. ಸದಸ್ಯರೆಲ್ಲರೂ ಸಂಸ್ಥೆಯ ನೀತಿಸಂಹಿತೆಗೆ ಒಳಪಟ್ಟವರು. ಸುಳ್ಳು ಸಾಕ್ಷಿ ಹೇಳಿದರೆ ಅವರ ಪ್ರಮಾಣಪತ್ರಕ್ಕೇ ಕುತ್ತು.

ಪತ್ರದಲ್ಲಿ ಬರೆಯಬಾರದ ವಿಷಯಗಳೂ ಇವೆ. ಗ್ರಾಹಕ ಬ್ಯಾಂಕಿನ ಹೆಸರು, ಅವರ ಫೈರ್‌ವಾಲ್ ಯಾವ ಕಂಪನಿಯದು, ಎಷ್ಟು ಸರ್ವರ್ ಎಂಬ ವಿವರ ಹೊರಗೆ ಹೋದರೆ ಕಂಪನಿಯ ಲೀಗಲ್ ವಿಭಾಗ ತಕರಾರು ತೆಗೆಯುತ್ತದೆ, ತೆಗೆಯಲೂ ಬೇಕು. ‘ಒಂದು ಖಾಸಗಿ ಬ್ಯಾಂಕಿಗಾಗಿ’ ಎಂದರೆ ಪರಿಶೀಲಿಸುವವರಿಗೆ ಕೆಲಸದ ಸ್ವರೂಪ ತಿಳಿಯುತ್ತದೆ.

ತೊಡಕು ಹೆಚ್ಚಾಗುವುದು ಮ್ಯಾನೇಜರೇ ಕಂಪನಿ ಬಿಟ್ಟಾಗ. ಹಳೆಯ ಲೆಟರ್‌ಹೆಡ್ಡಿನ ಫೈಲು ಅವರ ಕಂಪ್ಯೂಟರಿನಲ್ಲಿ ಉಳಿದಿರಬಹುದು. ಅದರಲ್ಲಿ ಇವತ್ತಿನ ತಾರೀಖು ಹಾಕಿ ಬರೆದುಕೊಟ್ಟರೆ ಅದು ಪ್ರೀತಿಯ ಹೆಸರಿನಲ್ಲಿ ಮಾಡಿದ ಫೋರ್ಜರಿ. ಹಳೆಯ ತಾರೀಖು ಹಾಕುವುದಂತೂ ಇನ್ನೂ ಕೆಟ್ಟದ್ದು. ಸರಿದಾರಿಯಲ್ಲಿ ಓಡಾಟ ಹೆಚ್ಚು: ತಾರೀಖು ಮತ್ತು ಹುದ್ದೆಯನ್ನು ಕಂಪನಿಯ ಎಚ್‌ಆರ್‌ನಿಂದ ಲೆಟರ್‌ಹೆಡ್ಡಿನಲ್ಲಿ ಪಡೆಯಬೇಕು. ಕೆಲಸದ ವಿವರವನ್ನು ಆ ಹಳೆಯ ಮ್ಯಾನೇಜರ್, ತಾವು ಆಗ ಯಾವ ಹುದ್ದೆಯಲ್ಲಿದ್ದೆವು, ಈಗ ಎಲ್ಲಿದ್ದೇವೆ ಎಂಬುದನ್ನು ಮುಚ್ಚಿಡದೆ ಬೇರೆ ಪತ್ರದಲ್ಲಿ ಬರೆಯಬೇಕು. ಎರಡೂ ಪತ್ರಗಳ ತಾರೀಖು ತಾಳೆಯಾಗುತ್ತದೆಯೇ ನೋಡಿಕೊಳ್ಳಬೇಕು. ಇಷ್ಟನ್ನು ಒಪ್ಪುತ್ತೀರಾ ಎಂದು ಅರ್ಜಿ ಹಾಕುವ ಮೊದಲೇ ಸಂಸ್ಥೆಗೆ ಮೇಲ್ ಹಾಕಿ ಕೇಳಿಕೊಳ್ಳುವುದು ಜಾಣತನ.

ಗುತ್ತಿಗೆಯವರ ಪಾಡು ಇದಕ್ಕಿಂತ ಗೋಜಲು. ಸಂಬಳದ ಸ್ಲಿಪ್ಪು ಒಂದು ಕಂಪನಿಯದು, ಕೂತು ಕೆಲಸ ಮಾಡಿದ್ದು ಇನ್ನೊಂದರ ಕಚೇರಿಯಲ್ಲಿ. ಸಂಬಳ ಕೊಟ್ಟವರಿಗೆ ಕೆಲಸ ಗೊತ್ತಿಲ್ಲ. ಕೆಲಸ ಮಾಡಿಸಿದವರಿಗೆ ‘ಇವರು ನಮ್ಮ ನೌಕರರು’ ಎಂದು ಬರೆಯುವ ಅಧಿಕಾರವಿಲ್ಲ. ಇಲ್ಲೂ ಎರಡು ಪತ್ರ ಬೇಕಾಗುತ್ತದೆ. ಯಾರ ಮೂಲಕ ಯಾರಲ್ಲಿ ದುಡಿದದ್ದು ಎಂಬ ಸಂಬಂಧವನ್ನು ಎರಡರಲ್ಲೂ ಒಂದೇ ರೀತಿ ಹೇಳಿರಬೇಕು.

ಇಷ್ಟೆಲ್ಲ ಸುಲಭವಾಗಿ ಆಗುವ ಕಾಲ ಒಂದೇ, ನೋಟಿಸ್ ಪೀರಿಯಡ್ಡು. ಅನೇಕ ಐಟಿ ಕಂಪನಿಗಳಲ್ಲಿ ಅದು ತೊಂಬತ್ತು ದಿನ. ಮ್ಯಾನೇಜರ್ ಇನ್ನೂ ಅಲ್ಲೇ ಇರುತ್ತಾರೆ, ಟಿಕೆಟ್ಟುಗಳ ದಾಖಲೆ ಕಣ್ಣೆದುರಿಗಿರುತ್ತದೆ, ಲೆಟರ್‌ಹೆಡ್ಡಿಗೆ ಅನುಮತಿ ಕೇಳಲು ಎಚ್‌ಆರ್ ಮಹಡಿ ಮೇಲೆಯೇ ಇರುತ್ತದೆ. ಪರೀಕ್ಷೆ ಬರೆಯುವ ಯೋಚನೆ ಐದು ವರ್ಷ ಆಚೆಗಿದ್ದರೂ ಪತ್ರವನ್ನು ಆಗಲೇ ಮಾಡಿಸಿಟ್ಟುಕೊಳ್ಳಬಹುದು. ಮೇಲೆ ಹೇಳಿದ ಹೆಣ್ಣುಮಗಳು 2021ರ ಮಾರ್ಚಿನಲ್ಲಿ ಆ 24 ತಿಂಗಳನ್ನು ಬರೆಸಿಕೊಂಡಿದ್ದರೆ, 2023ರ ಜೂನಿನಲ್ಲಿ ಅವಳು ಕೇಳಬೇಕಾಗಿದ್ದದ್ದು ಈಗಿನ ಬಾಸ್‌ನ ಪತ್ರವೊಂದನ್ನೇ.