ಜಾರುತ್ತಾ ಹೋದ ಸ್ಟಾಪ್‌ಲಾಸ್

ದಾವಣಗೆರೆಯ ಬಟ್ಟೆ ವ್ಯಾಪಾರಿಯೊಬ್ಬರು ಬೆಳಿಗ್ಗೆ ಹತ್ತು ಗಂಟೆಗೆ 800 ರೂಪಾಯಿಯಂತೆ 250 ಷೇರುಗಳನ್ನು ಇಂಟ್ರಾಡೇಗೆ ಕೊಂಡರು. ಸ್ಟಾಪ್‌ಲಾಸ್ 792ಕ್ಕೆ ಹಾಕಿದರು. ಬೆಲೆ ಅಲ್ಲಿಗೆ ಇಳಿದರೆ ಷೇರು ತಾನಾಗಿಯೇ ಮಾರಾಟವಾಗಿ, ನಷ್ಟ 2,000 ರೂಪಾಯಿಗೆ ನಿಲ್ಲಬೇಕೆಂಬುದು ಲೆಕ್ಕ. 816 ಮುಟ್ಟಿದರೆ 4,000 ಲಾಭ. (ಈ ವ್ಯಾಪಾರಿ ಕಲ್ಪಿತ, ಅವರು ಮಾಡಿದ್ದನ್ನು ಮಾತ್ರ ಎಷ್ಟೋ ಜನ ದಿನವೂ ಮಾಡುತ್ತಾರೆ.)

ಬೆಲೆ 793ಕ್ಕೆ ಬಂತು. ಅವರು ಆರ್ಡರ್ ತೆರೆದು 'ಮಾಡಿಫೈ' ಒತ್ತಿ 788 ಮಾಡಿದರು. ಅರ್ಧ ಗಂಟೆಯಲ್ಲಿ ಅದು 789ಕ್ಕೆ ಇಳಿದಾಗ 783. ಊಟದ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳು ಕೂತಿದ್ದರು. ಸೀರೆ ಬಿಚ್ಚಿ ತೋರಿಸುತ್ತಲೇ ಇನ್ನೊಂದು ಕೈಯಲ್ಲಿ ಸ್ಟಾಪ್‌ಲಾಸನ್ನೇ ರದ್ದು ಮಾಡಿದರು. ಮಧ್ಯಾಹ್ನ 3.20ರ ಸುಮಾರಿಗೆ, ಮಾರುಕಟ್ಟೆ ಮುಚ್ಚುವ ಮುನ್ನ, ಬ್ರೋಕರ್ ವ್ಯವಸ್ಥೆಯೇ ಷೇರನ್ನು 774ಕ್ಕೆ ಮಾರಿತು. ಎರಡು ಸಾವಿರದಲ್ಲಿ ಮುಗಿಯಬೇಕಿದ್ದದ್ದು 6,500 ಆಯಿತು.

ಪ್ರತಿ ಸಲ ಸರಿಸುವಾಗಲೂ ಅವರಿಗೆ ಕಂಡದ್ದು ನಾಲ್ಕೈದು ರೂಪಾಯಿಯ ವ್ಯತ್ಯಾಸವಷ್ಟೇ. ಮಾರಿದರೆ ನಷ್ಟ ಖಾತೆಗೆ ಏರುತ್ತದೆ, ಮಾರದಿದ್ದರೆ ಇನ್ನೂ ಆಸೆಯಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಟೆರನ್ಸ್ ಓಡೀನ್ 1998ರಲ್ಲಿ ಒಂದು ಬ್ರೋಕರೇಜ್‌ನ 10,000 ಖಾತೆಗಳನ್ನು ತೆಗೆದು ನೋಡಿದಾಗಲೂ ಇದೇ ಕಂಡಿತ್ತು: ಲಾಭದಲ್ಲಿರುವ ಷೇರನ್ನು ಜನ ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಹಿಡಿದಿಟ್ಟುಕೊಳ್ಳುತ್ತಾರೆ.

ಮೂರು ತಿಂಗಳ ನಂತರ ನಮ್ಮ ವ್ಯಾಪಾರಿ ಖಾತೆಯ ಸ್ಟೇಟ್‌ಮೆಂಟ್ ಇಳಿಸಿಕೊಂಡರು. 60 ವ್ಯವಹಾರಗಳಲ್ಲಿ 38 ಲಾಭದವು. ಗೆದ್ದದ್ದೇ ಹೆಚ್ಚು! ಆದರೆ ಲಾಭಗಳ ಮೊತ್ತ 72,200, ಉಳಿದ 22ರ ನಷ್ಟ 85,000. ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ ಎಲ್ಲ ಸೇರಿ ಖರ್ಚು ಇನ್ನೊಂದು 7,100. ಒಟ್ಟಿಗೆ 19,900 ಕೈಬಿಟ್ಟಿತ್ತು.

ಸ್ಟಾಪ್‌ಲಾಸ್ ಸರಿಸಿದ್ದು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಕಾಂಟ್ರ್ಯಾಕ್ಟ್ ನೋಟ್ ಆಗಲಿ, ಲಾಭ-ನಷ್ಟದ ಪಟ್ಟಿಯಾಗಲಿ ತೋರಿಸುವುದು ನಡೆದುಹೋದ ಕೊಳ್ಳುವಿಕೆ, ಮಾರಾಟಗಳನ್ನು ಮಾತ್ರ. ತಿದ್ದಿದ, ರದ್ದಾದ ಆರ್ಡರ್‌ಗಳನ್ನಲ್ಲ. ಆದರೂ ಜಾಡು ಸಿಗುತ್ತದೆ. ನಷ್ಟಗಳನ್ನು ಗಾತ್ರದ ಪ್ರಕಾರ ಜೋಡಿಸಿದರೆ ಸಾಕು. 16 ನಷ್ಟಗಳು 2,100ರ ಆಸುಪಾಸು ಗುಂಪಾಗಿ ಕೂತಿದ್ದವು. (ನೂರು ಹೆಚ್ಚಾದದ್ದು ಟ್ರಿಗರ್ ಆದ ಮೇಲೆ ಸಿಕ್ಕ ಬೆಲೆ ತುಸು ಕೆಳಗಿದ್ದುದರಿಂದ.) ಉಳಿದ ಆರೇ ಆರು ಸೇರಿ 51,400 ನುಂಗಿದ್ದವು. ಅವುಗಳ ಮಾರಾಟದ ಸಮಯವೂ ಹೆಚ್ಚುಕಡಿಮೆ ಒಂದೇ, 3.20ರ ಹತ್ತಿರ.

'ಆ ಆರನ್ನು ಮುಟ್ಟದೆ ಬಿಟ್ಟಿದ್ದರೆ 38,800 ಉಳಿಯುತ್ತಿತ್ತು, ನಾನು ಲಾಭದಲ್ಲಿರುತ್ತಿದ್ದೆ' ಎಂದು ಅವರು ಕೂಡಲೇ ಲೆಕ್ಕ ಹಾಕಿದರು. ಈ ಲೆಕ್ಕ ಅರ್ಧ ಮಾತ್ರ ನಿಜ. ಸರಿಸಿದ್ದರಿಂದ ಬಚಾವಾದ ವ್ಯವಹಾರಗಳೂ ಇರುತ್ತವಲ್ಲ? ಅವು ಲಾಭದ ಸಾಲಿನಲ್ಲಿ ಅಡಗಿ ಕೂತಿರುತ್ತವೆ. ಅವನ್ನು ಹುಡುಕಲು ಒಂದೊಂದು ಲಾಭದ ವ್ಯವಹಾರಕ್ಕೂ ಆ ದಿನದ ಐದು ನಿಮಿಷದ ಚಾರ್ಟ್ ತೆರೆದು, ಕೊಂಡ ಗಳಿಗೆಯಿಂದ ಮಾರಿದ ಗಳಿಗೆಯವರೆಗೆ ಬೆಲೆ ಎಷ್ಟು ಕೆಳಗಿಳಿದಿತ್ತು ಎಂದು ನೋಡಬೇಕು. ಮೊದಲು ಇಟ್ಟ ಸ್ಟಾಪ್‌ಲಾಸ್‌ಗಿಂತ ಕೆಳಗೆ ಹೋಗಿ ಮೇಲೆದ್ದಿದ್ದರೆ ಅದು ಸರಿಸಿದ್ದರಿಂದ ಉಳಿದದ್ದು.

ಅಂಥವು ಒಂಬತ್ತು ಸಿಕ್ಕವು. ಆದರೆ ಆ ಒಂಬತ್ತರಿಂದ ಬಂದ ಲಾಭ ಒಟ್ಟು 3,600 ಮಾತ್ರ, ಸರಾಸರಿ 400. ಕೊಂಡ ಬೆಲೆಗೆ ಮರಳಿದ್ದೇ ತಡ, 'ಸದ್ಯ ಬದುಕಿದೆ' ಎಂದು ಮಾರಿಬಿಟ್ಟಿದ್ದರು. ಸರಿಸುವ ಚಟ ಬೆಳೆಯುವುದು ಇಂಥವುಗಳಿಂದಲೇ: 15 ಸಲ ಸರಿಸಿದ್ದರಲ್ಲಿ ಒಂಬತ್ತು ಸಲ 'ಸರಿಯಾಯಿತು'. ಪೆಟ್ಟು ಬಿದ್ದದ್ದು ಆರೇ ಸಲ, ಆದರೆ ಒಂದೊಂದಕ್ಕೂ ಸರಾಸರಿ ಎಂಟೂವರೆ ಸಾವಿರ.

ಸ್ಟಾಪ್‌ಲಾಸ್ ಅಲ್ಲಾಡಿಸದೆ ಇದ್ದಿದ್ದರೆ ಈ ಒಂಬತ್ತೂ 2,100ರಂತೆ ನಷ್ಟದ ಕಡೆ ಹೋಗುತ್ತಿದ್ದವು. ಆಗ ಗೆಲುವು 29, ಸೋಲು 31. ಲಾಭ 68,600, ನಷ್ಟ 65,100, ಮಿಕ್ಕದ್ದು 3,500. ಅದರಿಂದ 7,100 ಖರ್ಚು ಕಳೆದರೆ 3,600 ನಷ್ಟ.

ಹಾಗಾದರೆ ಸರಿಸಿದ್ದಕ್ಕೆ ತೆತ್ತ ಬೆಲೆ 16,300. ಉಳಿದ 3,600ಕ್ಕೆ ಸ್ಟಾಪ್‌ಲಾಸ್ ಹೊಣೆಯಲ್ಲ. ಅಂಗಡಿಯ ಗಡಿಬಿಡಿಯಲ್ಲಿ ಮಾಡಿದ 60 ವ್ಯವಹಾರಗಳಲ್ಲಿ, ಒಂದೊಂದಕ್ಕೆ ಸುಮಾರು 118 ರೂಪಾಯಿ ಖರ್ಚು ತೀರಿಸುವಷ್ಟು ಕಸುವೂ ಇರಲಿಲ್ಲ. ಇದು ಇವರೊಬ್ಬರ ಪಾಡಲ್ಲ. 2022-23ರಲ್ಲಿ ಷೇರುಗಳ ಇಂಟ್ರಾಡೇ ವ್ಯವಹಾರ ಮಾಡಿದ ಹತ್ತು ಮಂದಿಯಲ್ಲಿ ಏಳು ಮಂದಿ ಕಳೆದುಕೊಂಡಿದ್ದಾರೆಂದು ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೇಳಿದೆ.