ಸಭೆಯ ಧ್ವನಿಮುದ್ರಣದಲ್ಲಿ ಯಾರ ಮಾತು ಯಾರದು?

ಸಭೆಯ ಮಾತುಕತೆಯನ್ನು ಧ್ವನಿಮುದ್ರಿಸಿ, ಕಂಪ್ಯೂಟರಿನಿಂದ ಅದರ ಲಿಖಿತ ಪ್ರತಿ ಪಡೆದು, ಅದರ ಆಧಾರದ ಮೇಲೆ ನಡವಳಿ ಸಿದ್ಧಪಡಿಸುವ ರೂಢಿ ಈಗ ಸಣ್ಣ ಖಾಸಗಿ ಕಂಪನಿಗಳಲ್ಲೂ ಕಂಡುಬರುತ್ತದೆ. ಇಂತಹ ಪ್ರತಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಅಡಕವಾಗಿವೆ. ಆಡಿದ ಮಾತು ಏನು ಎಂಬುದನ್ನು ಬರೆಯುವುದು ಮೊದಲನೆಯದು. ಆ ಮಾತು ಯಾರದು ಎಂದು ಗುರುತು ಹಚ್ಚುವುದು ಎರಡನೆಯದು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ರೋಜುಮೇಳಿನ ದಾಖಲೆ, ಎರಡನೆಯದು ಖಾತೆವಹಿಗೆ ಏರಿಸುವಿಕೆ. ರೋಜುಮೇಳು ಸರಿಯಾಗಿದ್ದೂ ರಕಮು ತಪ್ಪು ಖಾತೆಗೆ ಹೋಗಬಹುದು. ಹಾಗೆಯೇ ಪದಗಳೆಲ್ಲವೂ ಸರಿಯಿದ್ದು, ಅವು ತಪ್ಪು ವ್ಯಕ್ತಿಯ ಹೆಸರಿಗೆ ಸೇರಬಹುದು.

ಈ ತಪ್ಪಿಗೆ ಕಾನೂನಿನ ಪರಿಣಾಮವೂ ಉಂಟು. ಕಂಪನಿ ಕಾಯ್ದೆ, 2013ರ ಕಲಂ 118ರ ಪ್ರಕಾರ, ನಿರ್ದೇಶಕ ಮಂಡಳಿಯ ನಡವಳಿಯಲ್ಲಿ ಹಾಜರಿದ್ದ ನಿರ್ದೇಶಕರ ಹೆಸರುಗಳಲ್ಲದೆ, ಪ್ರತಿಯೊಂದು ಠರಾವಿಗೆ ಅಸಮ್ಮತಿ ಸೂಚಿಸಿದ ಅಥವಾ ಸಹಮತ ನೀಡದ ನಿರ್ದೇಶಕರ ಹೆಸರುಗಳೂ ಇರತಕ್ಕದ್ದು. ಕ್ರಮಬದ್ಧವಾಗಿ ಇಡಲಾದ ನಡವಳಿಯು ಸಭೆಯ ಕಲಾಪಗಳಿಗೆ ಸಾಕ್ಷ್ಯವಾಗುತ್ತದೆ. ಆದುದರಿಂದ ‘ಒಪ್ಪಿಗೆ ಇಲ್ಲ’ ಎಂಬ ಎರಡು ಪದಗಳು ಯಾರ ಖಾತೆಗೆ ಹೋದವು ಎಂಬುದು ಮುಂದೊಂದು ದಿನ ವ್ಯಾಜ್ಯದ ವಿಷಯವಾಗಬಹುದು.

ಯಂತ್ರವು ಗುರುತು ಹಚ್ಚುವ ಬಗೆ

ಮಾತುಗಾರರನ್ನು ಬೇರ್ಪಡಿಸುವ ಈ ವಿಧಾನಕ್ಕೆ ತಾಂತ್ರಿಕ ವಲಯದಲ್ಲಿ ಡಯರೈಸೇಶನ್ ಎಂದು ಹೆಸರು. ‘ಯಾರು, ಯಾವಾಗ ಮಾತನಾಡಿದರು’ ಎಂಬ ಪ್ರಶ್ನೆಗಷ್ಟೇ ಅದು ಉತ್ತರಿಸುತ್ತದೆ. ಮಾತಿನ ಅರ್ಥಕ್ಕೂ ಅದಕ್ಕೂ ಸಂಬಂಧವಿಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವು ನಾಲ್ಕು ಹಂತಗಳಲ್ಲಿ ಸಾಗುತ್ತದೆ.

ಮೊದಲಿಗೆ, ಮುದ್ರಣದಲ್ಲಿ ಮಾತು ಇರುವ ಭಾಗಗಳನ್ನು ಉಳಿಸಿಕೊಂಡು ಮೌನ, ಫ್ಯಾನಿನ ಸದ್ದು, ಕುರ್ಚಿ ಎಳೆಯುವ ಸದ್ದು ಮುಂತಾದವನ್ನು ಕೈಬಿಡಲಾಗುತ್ತದೆ. ಎರಡನೆಯದಾಗಿ, ಉಳಿದ ಮಾತನ್ನು ಸುಮಾರು ಒಂದೂವರೆ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಲಾಗುತ್ತದೆ. ಒಂದು ತುಣುಕಿನ ಕೊನೆಯರ್ಧವೇ ಮುಂದಿನ ತುಣುಕಿನ ಮೊದಲರ್ಧವಾಗುವಂತೆ ಅವನ್ನು ಜೋಡಿಸುವುದು ವಾಡಿಕೆ. ಪ್ರತಿ ತುಣುಕಿನಿಂದಲೂ ಆ ಧ್ವನಿಯ ಗುಣವನ್ನು ಹಿಡಿದಿಡುವ ಕೆಲವು ನೂರು ಸಂಖ್ಯೆಗಳ ಪಟ್ಟಿಯೊಂದನ್ನು ಯಂತ್ರವು ಲೆಕ್ಕ ಹಾಕುತ್ತದೆ. ಒಂದರ್ಥದಲ್ಲಿ ಇದು ಆ ತುಣುಕಿನ ಧ್ವನಿಯ ಹೆಬ್ಬೆರಳ ಗುರುತು.

ಮೂರನೆಯ ಹಂತದಲ್ಲಿ ಈ ಗುರುತುಗಳನ್ನು ಒಂದಕ್ಕೊಂದು ಹೋಲಿಸಿ, ಹತ್ತಿರವಾದವುಗಳನ್ನು ಒಂದೊಂದು ಗುಂಪಿಗೆ ಸೇರಿಸಲಾಗುತ್ತದೆ. ಎಷ್ಟು ಹೋಲಿಕೆಯಿದ್ದರೆ ಒಂದೇ ಗುಂಪು ಎಂಬುದಕ್ಕೆ ಮೊದಲೇ ಒಂದು ಮಿತಿಯನ್ನು ಗೊತ್ತುಪಡಿಸಿರುತ್ತಾರೆ. ಮಿತಿ ಸಡಿಲವಾದರೆ ಇಬ್ಬರು ಒಬ್ಬರಾಗುತ್ತಾರೆ; ಬಿಗಿಯಾದರೆ ಒಬ್ಬರೇ ಇಬ್ಬರಾಗುತ್ತಾರೆ. ಕೊನೆಯ ಹಂತದಲ್ಲಿ, ಲಿಖಿತ ಪ್ರತಿಯ ಪ್ರತಿಯೊಂದು ಪದವೂ ಯಾವ ಕ್ಷಣದಲ್ಲಿ ಉಚ್ಚರಿಸಲ್ಪಟ್ಟಿತೆಂಬುದನ್ನು ನೋಡಿ, ಆ ಕ್ಷಣ ಯಾವ ಗುಂಪಿಗೆ ಸೇರಿದೆಯೋ ಆ ಗುಂಪಿನ ಹಣೆಪಟ್ಟಿಯನ್ನು ಪದಕ್ಕೆ ಅಂಟಿಸಲಾಗುತ್ತದೆ.

ಈ ಹಣೆಪಟ್ಟಿಗಳು SPEAKER_00, SPEAKER_01 ಎಂಬಂತೆ ಕೇವಲ ಸಂಖ್ಯೆಗಳಾಗಿರುತ್ತವೆ. ಇವರು ಅಧ್ಯಕ್ಷರು, ಇವರು ವ್ಯವಸ್ಥಾಪಕ ನಿರ್ದೇಶಕರು ಎಂದು ಯಂತ್ರಕ್ಕೆ ತಿಳಿಯದು. ಧ್ವನಿಯ ಮಾದರಿಯನ್ನು ಮೊದಲೇ ಒದಗಿಸಿರದಿದ್ದಲ್ಲಿ, ಸಂಖ್ಯೆಗೆ ಹೆಸರು ಕೊಡುವವನು ಮನುಷ್ಯನೇ. ಅಂತರ್ಜಾಲದ ಮೂಲಕ ನಡೆಯುವ ಸಭೆಗಳಲ್ಲಿ ಪ್ರತಿಯೊಬ್ಬರ ಧ್ವನಿಯೂ ಅವರವರ ಸಾಧನದಿಂದ ಪ್ರತ್ಯೇಕವಾಗಿ ಬರುವುದರಿಂದ ಸಾಧನದ ಹೆಸರಿನಲ್ಲಿಯೇ ಗುರುತು ಹಚ್ಚುವುದು ಸಾಧ್ಯ. ಆದರೆ ಕಚೇರಿಯ ಮೇಜಿನ ಮೇಲೆ ಒಂದೇ ಲ್ಯಾಪ್‌ಟಾಪ್ ಇಟ್ಟು ನಾಲ್ವರು ಸುತ್ತ ಕುಳಿತರೆ ಆ ಅನುಕೂಲ ಇಲ್ಲವಾಗುತ್ತದೆ. ನಾಲ್ವರ ಮಾತೂ ಒಂದೇ ಹೆಸರಿನಡಿ ಬಂದು ಬೀಳುತ್ತದೆ.

ಮಾತಿನ ಮೇಲೆ ಮಾತು ಬಿದ್ದಾಗ

ಮೇಲಿನ ಕ್ರಮವು ಒಂದು ಊಹೆಯನ್ನು ಅವಲಂಬಿಸಿದೆ: ಒಂದು ತುಣುಕಿನಲ್ಲಿ ಒಬ್ಬರದೇ ಧ್ವನಿ ಇರುತ್ತದೆ ಎಂಬುದೇ ಆ ಊಹೆ. ನಿಜವಾದ ಸಭೆಗಳಲ್ಲಿ ಇದು ಪದೇ ಪದೇ ಸುಳ್ಳಾಗುತ್ತದೆ. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಆರಂಭಿಸುತ್ತಾರೆ. ಕೇಳುವವರು ನಡುನಡುವೆ ‘ಹೂಂ’, ‘ಹೌದು’, ‘ಸರಿ’ ಎನ್ನುತ್ತಾರೆ.

ಇಬ್ಬರು ಒಟ್ಟಿಗೆ ಮಾತನಾಡಿದಾಗ ಮೈಕಿಗೆ ತಲುಪುವುದು ಎರಡೂ ಧ್ವನಿಗಳ ಮೊತ್ತ. ಮೊತ್ತವನ್ನು ಮಾತ್ರ ಕಂಡವನು ಕೂಡಿದ ರಕಮುಗಳು ಯಾವುವೆಂದು ಹೇಳಲಾರ. ಒಂದೇ ಮೈಕಿನ ಮುದ್ರಣದ ಸ್ಥಿತಿಯೂ ಹಾಗೆಯೇ. ಅಂತಹ ತುಣುಕಿನಿಂದ ಲೆಕ್ಕ ಹಾಕಿದ ಗುರುತು ಇಬ್ಬರಲ್ಲಿ ಯಾರ ಗುರುತಿಗೂ ಸರಿಹೊಂದದು. ಒಂದು ಧ್ವನಿ ಜೋರಾಗಿದ್ದರೆ ಇಡೀ ತುಣುಕು ಅವರ ಗುಂಪಿಗೆ ಸೇರಿ, ಇನ್ನೊಬ್ಬರ ಮಾತು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಎರಡೂ ಸರಿಸಮವಾಗಿದ್ದರೆ ಮಿಶ್ರಧ್ವನಿಯ ತುಣುಕುಗಳೇ ಕೂಡಿ ಪ್ರತ್ಯೇಕ ಗುಂಪಾಗಿ, ಸಭೆಯಲ್ಲಿ ಇಲ್ಲದ ವ್ಯಕ್ತಿಯೊಬ್ಬ ಹುಟ್ಟಿಕೊಳ್ಳಬಹುದು. ಮಿಶ್ರ ತುಣುಕುಗಳು ಹೆಚ್ಚಾದರೆ ಅವು ಎರಡು ಗುಂಪುಗಳ ನಡುವೆ ಸೇತುವೆಯಂತೆ ನಿಂತು, ಇಬ್ಬರು ನಿಜವಾದ ವ್ಯಕ್ತಿಗಳು ಒಂದೇ ಹಣೆಪಟ್ಟಿಯಡಿ ಬೆರೆತುಹೋಗುವುದೂ ಉಂಟು.

‘ಹೂಂ’ ಎಂಬಂತಹ ಮಾತಿನ ತೊಡಕು ಬೇರೆ. ಅದು ಅರ್ಧ ಸೆಕೆಂಡಿಗೂ ಕಡಿಮೆ. ಅಷ್ಟು ಚಿಕ್ಕ ಧ್ವನಿಯಿಂದ ನಂಬಲರ್ಹ ಗುರುತು ದೊರೆಯುವುದಿಲ್ಲ. ಆದುದರಿಂದ ಒಂದೇ ಉಸಿರಿನ ಸಮ್ಮತಿಯನ್ನು ಯಂತ್ರವು ಬಿಟ್ಟುಬಿಡುವ ಅಥವಾ ಆಗ ಮಾತನಾಡುತ್ತಿದ್ದವರ ಹೆಸರಿಗೇ ಬರೆಯುವ ಸಂಭವ ಹೆಚ್ಚು.

ಒಂದು ಉದಾಹರಣೆ

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಖಾಸಗಿ ಕಂಪನಿಯ ಮಂಡಳಿ ಸಭೆಯನ್ನು ಕಲ್ಪಿಸಿಕೊಳ್ಳಬಹುದು. ಮೇಜಿನ ಮೇಲೆ ಒಂದೇ ಮೈಕು ಇದೆ. ಮೊದಲನೆಯ ನಿರ್ದೇಶಕರು 0ಯಿಂದ 6ನೇ ಸೆಕೆಂಡಿನವರೆಗೆ, ‘ಹೊಸ ಲೇತ್ ಕೊಳ್ಳಲು ನಲವತ್ತು ಲಕ್ಷ ಸಾಲ ಪಡೆಯೋಣ, ಎಲ್ಲರ ಒಪ್ಪಿಗೆ ಇದೆಯಲ್ಲವೇ?’ ಎನ್ನುತ್ತಾರೆ. ಅವರು ಮುಗಿಸುವ ಮುನ್ನ, 5ನೇ ಸೆಕೆಂಡಿನಲ್ಲಿ ಎರಡನೆಯವರು ತಗ್ಗಿದ ದನಿಯಲ್ಲಿ ಆರಂಭಿಸಿ 8ನೇ ಸೆಕೆಂಡಿನವರೆಗೆ, ‘ನನ್ನ ಒಪ್ಪಿಗೆ ಇಲ್ಲ, ಮೊದಲು ಹಳೆಯ ಬಾಕಿ ತೀರಲಿ’ ಎನ್ನುತ್ತಾರೆ. ಮೂರನೆಯವರು 5.5ರಿಂದ 6ರವರೆಗೆ ‘ಹೂಂ’ ಎಂದು, 8.5ರಿಂದ 10ರವರೆಗೆ ‘ಸರಿ, ಮುಂದಿನ ವಿಷಯ’ ಎನ್ನುತ್ತಾರೆ.

5.25ರಿಂದ 6.75ರವರೆಗಿನ ತುಣುಕಿನಲ್ಲಿ ಅರ್ಧ ಭಾಗ ಮಿಶ್ರಧ್ವನಿ. ಅದರಲ್ಲಿ ಮೊದಲನೆಯವರ ದನಿಯೇ ಜೋರು. ಆ ತುಣುಕು ಅವರ ಗುಂಪಿಗೆ ಸೇರಿ, ಗಡಿಯು 6.5ನೇ ಸೆಕೆಂಡಿಗೆ ಬಿತ್ತೆಂದು ಇಟ್ಟುಕೊಳ್ಳೋಣ. ‘ನನ್ನ ಒಪ್ಪಿಗೆ’ ಎಂಬ ಪದಗಳು ಜೋರು ದನಿಯ ಅಡಿಯಲ್ಲಿ ಮುಚ್ಚಿಹೋಗುತ್ತವೆ. ‘ಇಲ್ಲ’ ಎಂಬುದು ಸ್ಪಷ್ಟವಾಗಿ ಕೇಳಿಸಿದರೂ 6.5ಕ್ಕೆ ಮೊದಲೇ ಮುಗಿದಿರುತ್ತದೆ. ಆಗ ದೊರೆಯುವ ಪ್ರತಿ ಹೀಗಿರುತ್ತದೆ:

```
SPEAKER_00: ... ಎಲ್ಲರ ಒಪ್ಪಿಗೆ ಇದೆಯಲ್ಲವೇ ಇಲ್ಲ
SPEAKER_01: ಮೊದಲು ಹಳೆಯ ಬಾಕಿ ತೀರಲಿ
SPEAKER_02: ಸರಿ ಮುಂದಿನ ವಿಷಯ
```

ಇದನ್ನು ಓದಿದವರಿಗೆ ಎರಡನೆಯ ನಿರ್ದೇಶಕರು ಸಲಹೆಯೊಂದನ್ನು ಮಾತ್ರ ನೀಡಿದಂತೆಯೂ, ಮೂರನೆಯವರು ಠರಾವಿಗೆ ‘ಸರಿ’ ಎಂದಂತೆಯೂ ತೋರುತ್ತದೆ. ಅಸಮ್ಮತಿಯ ಗುರುತೇ ಉಳಿದಿಲ್ಲ.

ಇಂತಹ ತಪ್ಪನ್ನು ಅಳೆಯುವ ರೂಢಿಯ ಲೆಕ್ಕವೂ ಸರಳವೇ. ಬಿಟ್ಟುಹೋದ ಮಾತು, ಮಾತಲ್ಲದ್ದನ್ನು ಮಾತೆಂದು ಎಣಿಸಿದ್ದು ಮತ್ತು ತಪ್ಪು ಹೆಸರಿಗೆ ಹೋದ ಮಾತು, ಈ ಮೂರರ ಕಾಲಾವಧಿಯನ್ನು ಕೂಡಿಸಿ, ಎಲ್ಲ ಮಾತುಗಾರರ ಒಟ್ಟು ಕಾಲದಿಂದ ಭಾಗಿಸಬೇಕು. ಇಲ್ಲಿ ಒಟ್ಟು ಮಾತು 6, 3, 0.5 ಮತ್ತು 1.5 ಸೇರಿ 11 ಸೆಕೆಂಡು. ಬಿಟ್ಟುಹೋದದ್ದು ಎರಡನೆಯವರ 1 ಮತ್ತು ಮೂರನೆಯವರ 0.5, ತಪ್ಪು ಹೆಸರಿಗೆ ಹೋದದ್ದು 0.5. ಒಟ್ಟು ತಪ್ಪು 2 ಸೆಕೆಂಡು, ಅಂದರೆ ಶೇಕಡಾ 18ರಷ್ಟು. ಒಂದು ಗಂಟೆಯ ಸಭೆಯಲ್ಲಿ ಬೇರಾವ ತಪ್ಪೂ ಆಗದಿದ್ದರೆ ಇದೇ 2 ಸೆಕೆಂಡು ಶೇಕಡಾ 0.1ಕ್ಕೂ ಕಡಿಮೆಯಾಗಿ ಕಾಣುತ್ತದೆ. ಶೇಕಡಾವಾರು ಅಂಕಿ ಕಾಲವನ್ನು ಅಳೆಯುತ್ತದೆಯೇ ಹೊರತು ಮಾತಿನ ತೂಕವನ್ನಲ್ಲ.

ತಂತ್ರಾಂಶ ಮಾರುವವರು ನಿಖರತೆಯ ಅಂಕಿಗಳನ್ನು ತೋರಿಸಿದಾಗ ಇನ್ನೊಂದು ವಿಷಯವನ್ನು ವಿಚಾರಿಸಬೇಕು. ಹಲವು ಪರೀಕ್ಷೆಗಳಲ್ಲಿ ಮಾತು ಬದಲಾಗುವ ಗಡಿಯ ಎರಡೂ ಕಡೆ 0.25 ಸೆಕೆಂಡನ್ನು ಎಣಿಕೆಗೆ ಹಿಡಿಯುವುದಿಲ್ಲ. ಕೆಲವು ಪರೀಕ್ಷೆಗಳಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದ ಭಾಗವನ್ನೇ ಕೈಬಿಡಲಾಗುತ್ತದೆ. ಅಂತಹ ಲೆಕ್ಕದಲ್ಲಿ ಮೇಲಿನ ಉದಾಹರಣೆಯ ತಪ್ಪು ಬಹುಪಾಲು ಮಾಯವಾಗುತ್ತದೆ.

ಹೊಸ ವಿಧಾನಗಳ ಮಿತಿ

2019ರಿಂದೀಚೆಗೆ, ಒಂದೇ ಕ್ಷಣಕ್ಕೆ ಒಂದಕ್ಕಿಂತ ಹೆಚ್ಚು ಹಣೆಪಟ್ಟಿ ಕೊಡಬಲ್ಲ ವಿಧಾನಗಳು ಬೆಳೆದುಬಂದಿವೆ. ಅವುಗಳಲ್ಲಿ ಪ್ರಸಿದ್ಧವಾದ ಪ್ಯಾನೋಟ್ ಎಂಬ ಮುಕ್ತ ತಂತ್ರಾಂಶದ ಒಂದು ಮಾದರಿಯು ಮುದ್ರಣವನ್ನು 10 ಸೆಕೆಂಡಿನ ಭಾಗಗಳಾಗಿ ನೋಡುತ್ತದೆ. ಪ್ರತಿ ಭಾಗದಲ್ಲಿ ಗರಿಷ್ಠ ಮೂವರು ಮಾತುಗಾರರು, ಒಂದೇ ಕ್ಷಣದಲ್ಲಿ ಗರಿಷ್ಠ ಇಬ್ಬರು ಎಂಬುದು ಅದರ ಲೆಕ್ಕಾಚಾರ. ಮೇಲಿನ ಸಭೆಯಲ್ಲಿ ಇದು 5ನೇ ಸೆಕೆಂಡಿನಿಂದಲೇ ಎರಡನೆಯವರ ಮಾತು ಇದೆಯೆಂದು ಗುರುತಿಸಬಹುದು. ಆದರೆ 5.5ರಿಂದ 6ರವರೆಗೆ ಮೂವರು ಒಟ್ಟಿಗಿದ್ದಾರೆ, ಒಬ್ಬರು ಬಿಟ್ಟೇಹೋಗುತ್ತಾರೆ. ಅಲ್ಲದೆ, ಹಣೆಪಟ್ಟಿ ಎರಡಾದರೂ ಮಾತನ್ನು ಬರೆಯುವ ಭಾಗವು ಸಾಮಾನ್ಯವಾಗಿ ಒಂದೇ ಸಾಲು ಪದಗಳನ್ನು ಕೊಡುತ್ತದೆ. ಬರೆಯದೇ ಉಳಿದ ‘ನನ್ನ ಒಪ್ಪಿಗೆ’ಗೆ ಹಣೆಪಟ್ಟಿ ಇದ್ದು ಫಲವಿಲ್ಲ.

ಪ್ರತಿಯನ್ನು ಪರಿಶೀಲಿಸುವ ಬಗೆ

ಲಿಖಿತ ಪ್ರತಿಯಲ್ಲಿ ತಪ್ಪು ನಡೆದ ಜಾಗವನ್ನು ಕೆಲವು ಕುರುಹುಗಳಿಂದ ಪತ್ತೆ ಮಾಡಬಹುದು. ಹಣೆಪಟ್ಟಿಗಳ ಸಂಖ್ಯೆ ಹಾಜರಿ ಪಟ್ಟಿಗಿಂತ ಹೆಚ್ಚು ಅಥವಾ ಕಡಿಮೆ ಇರುವುದು ಮೊದಲ ಕುರುಹು. ಇಡೀ ಸಭೆಯಲ್ಲಿ ನಾಲ್ಕಾರು ಚೂರು ಮಾತುಗಳಷ್ಟೇ ಇರುವ ಹಣೆಪಟ್ಟಿಯು ಬಹುಶಃ ಮಿಶ್ರಧ್ವನಿಯದು. ಪ್ರಶ್ನೆಯೂ ಉತ್ತರವೂ ಒಬ್ಬರದೇ ಹೆಸರಿನಲ್ಲಿದ್ದರೆ, ಅಥವಾ ವಾಕ್ಯವೊಂದು ಅರ್ಧದಿಂದ ಆರಂಭವಾದರೆ, ಅಲ್ಲಿ ಮುದ್ರಣವನ್ನೇ ಮತ್ತೆ ಕೇಳಬೇಕು. ಇಡೀ ಗಂಟೆಯನ್ನು ಕೇಳುವ ಅಗತ್ಯವಿಲ್ಲ. ಪ್ರತಿಯೊಂದು ಠರಾವಿನ ಮೇಲಿನ ಅಭಿಪ್ರಾಯದ ಆಸುಪಾಸಿನ ಅರ್ಧ ನಿಮಿಷ ಕೇಳಿದರೂ ಹೆಚ್ಚಿನ ಅಪಾಯ ತಪ್ಪುತ್ತದೆ.

ತಪ್ಪು ಆಗದಂತೆ ತಡೆಯುವ ಉಪಾಯ ಮಾತ್ರ ಹೊಸದೇನಲ್ಲ. ಮಂಡಳಿಯ ಸಭೆಗಳು ಮತ್ತು ಅಧಿಕಾರಗಳನ್ನು ಕುರಿತ 2014ರ ಕಂಪನಿ ನಿಯಮಗಳ 3ನೇ ನಿಯಮವು ದೃಶ್ಯಮಾಧ್ಯಮದ ಮೂಲಕ ನಡೆಯುವ ಮಂಡಳಿ ಸಭೆಗಳಿಗೆ ಅದನ್ನು ವಿಧಿಸಿದೆ. ಯಾವುದೇ ವಿಷಯದ ಮೇಲೆ ಮಾತನಾಡುವ ಮುನ್ನ ಪ್ರತಿಯೊಬ್ಬರೂ ತಮ್ಮ ಗುರುತು ಹೇಳತಕ್ಕದ್ದು. ನಿರ್ದೇಶಕರ ಮಾತು ತಡೆಯಲ್ಪಟ್ಟರೆ ಅಥವಾ ಅಸ್ಪಷ್ಟವಾದರೆ ಅದನ್ನು ಪುನಃ ಹೇಳುವಂತೆ ಅಧ್ಯಕ್ಷರು ಕೋರತಕ್ಕದ್ದು. ಠರಾವಿಗೆ ಆಕ್ಷೇಪ ಬಂದು ಮತಕ್ಕೆ ಹಾಕುವ ಅಗತ್ಯ ಉಂಟಾದರೆ ಒಬ್ಬೊಬ್ಬರ ಹೆಸರು ಕರೆದು ಮತವನ್ನು ದಾಖಲಿಸತಕ್ಕದ್ದು. ಒಂದೇ ಕೋಣೆಯಲ್ಲಿ ನಡೆಯುವ ಸಭೆಯಲ್ಲೂ, ಪಾಲುದಾರರ ಸಭೆಯಲ್ಲೂ ಇದೇ ಶಿಸ್ತನ್ನು ಪಾಲಿಸಿದರೆ ಯಂತ್ರಕ್ಕೆ ಒಂದು ಬಾರಿಗೆ ಒಬ್ಬರದೇ ಧ್ವನಿ ಸಿಗುತ್ತದೆ, ಸಂಖ್ಯೆಯ ಪಕ್ಕದಲ್ಲಿಯೇ ಹೆಸರೂ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅಧ್ಯಕ್ಷರು ‘ಒಬ್ಬೊಬ್ಬರಾಗಿ ಹೇಳಿ’ ಎಂದು ತಡೆದಿದ್ದರೆ, ಎರಡನೆಯ ನಿರ್ದೇಶಕರ ಅಸಮ್ಮತಿಯು ನಡವಳಿಯಲ್ಲಿ ಅವರ ಹೆಸರಿನಡಿಯಲ್ಲಿಯೇ ಉಳಿಯುತ್ತಿತ್ತು.