ಬೆವರಿದ ಅಂಗೈಗೆ ಯಾವ ಮ್ಯಾಟ್?

ಯೋಗದ ಮ್ಯಾಟ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ ದಪ್ಪದ್ದು, ಆಮೇಲೆ ಬಣ್ಣದ್ದು. ಮಂಡಿಗೆ ಮೆತ್ತಗಿರಲಿ ಎಂದು ಹೆಚ್ಚಿನವರು ದಪ್ಪನೆಯದನ್ನೇ ಆರಿಸುತ್ತಾರೆ. ಆದರೆ ಮ್ಯಾಟಿನ ಮುಖ್ಯ ಕೆಲಸ ಮೆತ್ತಗಿರುವುದಲ್ಲ, ಕೈಕಾಲು ಜಾರದಂತೆ ಹಿಡಿದುಕೊಳ್ಳುವುದು. ಅಧೋಮುಖ ಶ್ವಾನಾಸನದಲ್ಲಿ ನಿಂತಾಗ ಅಂಗೈ ಮುಂದಕ್ಕೆ, ಪಾದ ಹಿಂದಕ್ಕೆ ಸರಿಯಲು ನೋಡುತ್ತವೆ. ಆ ಸರಿತವನ್ನು ಮ್ಯಾಟ್ ತಡೆಯದಿದ್ದರೆ ಮಣಿಕಟ್ಟು ಮತ್ತು ಭುಜಗಳು ಬಿಗಿದುಕೊಂಡು ತಡೆಯಬೇಕಾಗುತ್ತದೆ. ಬೆನ್ನು ಉದ್ದವಾಗಬೇಕಾದ ಆಸನದಲ್ಲಿ ಭುಜ ಕಿವಿಯತ್ತ ಏರಿ ಕೂರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಅಂಟು ಹಿಡಿಯುವ ಮ್ಯಾಟ್ ಬಂದದ್ದು ಹೇಗೆ ಎಂದು ಗೊತ್ತಿದ್ದರೆ ನಮ್ಮ ಕಷ್ಟದ ಮೂಲವೂ ತಿಳಿಯುತ್ತದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಆಂಜೆಲಾ ಫಾರ್ಮರ್ ಎಂಬ ಬ್ರಿಟಿಷ್ ಯೋಗಶಿಕ್ಷಕಿ ಜರ್ಮನಿಯಲ್ಲಿ ಪಾಠ ಹೇಳುವಾಗ, ಕಾರ್ಪೆಟ್ ಸರಿಯದಂತೆ ಅದರಡಿಗೆ ಹಾಸುವ ಹಾಳೆಯನ್ನು ಕತ್ತರಿಸಿ ಬಳಸಿದರು. ಬಾಲ್ಯದ ಒಂದು ಶಸ್ತ್ರಚಿಕಿತ್ಸೆಯಿಂದಾಗಿ ಅವರ ಅಂಗೈ, ಅಂಗಾಲು ಬೆವರುತ್ತಿರಲಿಲ್ಲ. ತೀರಾ ಒಣಗಿದ ಚರ್ಮ ನುಣುಪಾದ ನೆಲದ ಮೇಲೆ ನಿಲ್ಲುವುದಿಲ್ಲ. ಅವರಿಗೆ ಆ ಹಾಳೆ ಸರಿಹೋಯಿತು, ಆಮೇಲೆ ಅವರ ತಂದೆ ಅದನ್ನು ಮಾರಲೂ ತೊಡಗಿದರು. ಎಂದರೆ, ಈ ಬಗೆಯ ಮ್ಯಾಟ್ ಹುಟ್ಟಿದ್ದು ಬೆವರದ ಕೈಗಾಗಿ. ನಮ್ಮ ಕರಾವಳಿಯ ಸೆಕೆಗೆ ಬೇಕಾದದ್ದು ಅದರ ವಿರುದ್ಧ ಗುಣ.

ಒಂದು ಸಂದರ್ಭವನ್ನೇ ಹಿಡಿದು ನೋಡೋಣ. ಮೇ ತಿಂಗಳ ಮಂಗಳೂರು, ಬೆಳಿಗ್ಗೆ ಆರು ಗಂಟೆ, ಫ್ಯಾನ್ ತಿರುಗುತ್ತಿದ್ದರೂ ಗಾಳಿಯಲ್ಲಿ ತೇವ ತುಂಬಿದೆ. ಒಬ್ಬರು ಒಂದು ತಾಸು ಅಭ್ಯಾಸ ಮಾಡುತ್ತಾರೆ. ಮೊದಲ ಹತ್ತು ನಿಮಿಷ ಕೈ ಒಣಗಿರುತ್ತದೆ. ಸೂರ್ಯ ನಮಸ್ಕಾರದ ನಾಲ್ಕೈದು ಸುತ್ತಾಗುವಷ್ಟರಲ್ಲಿ ಅಂಗೈಗೆ ತೇವ ಬರುತ್ತದೆ. ಅರ್ಧ ತಾಸಿನ ಹೊತ್ತಿಗೆ ಮೊಣಕೈಯಿಂದ ಹನಿ ಇಳಿದು ಮ್ಯಾಟಿನ ಮೇಲೆ ಬೀಳುತ್ತಿರುತ್ತದೆ. ಒಣ, ತೇವ, ಒದ್ದೆ: ಈ ಮೂರು ಹಂತಗಳಲ್ಲಿ ನಾಲ್ಕು ಬಗೆಯ ಮ್ಯಾಟುಗಳು ನಾಲ್ಕು ರೀತಿ ನಡೆದುಕೊಳ್ಳುತ್ತವೆ.

ನೈಸರ್ಗಿಕ ರಬ್ಬರ್ ಮೊದಲ ಹಂತದಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಒತ್ತಿದಾಗ ಅದು ಬಾಗಿ ಅಂಗೈಯ ಗೆರೆಗೆರೆಗೂ ತಾಗಿ ಕೂರುವುದರಿಂದ ತಾಗುವ ಜಾಗ ಹೆಚ್ಚು, ಹಿಡಿತವೂ ಹೆಚ್ಚು. ಕೈ ಸ್ವಲ್ಪ ತೇವವಾದಾಗಲೂ ಇದು ಕೈಬಿಡುವುದಿಲ್ಲ. ಆದರೆ ಹನಿ ಬಿದ್ದು ನೀರಿನ ತೆಳು ಪದರ ನಿಂತಾಗ ಚರ್ಮಕ್ಕೂ ರಬ್ಬರಿಗೂ ನೇರ ಸಂಪರ್ಕವೇ ತಪ್ಪುತ್ತದೆ. ನುಣುಪು ಮೇಲ್ಮೈಯ ರಬ್ಬರ್ ಮ್ಯಾಟ್ ಆಗ ಸಾಕಷ್ಟು ಜಾರುತ್ತದೆ. ತರಿಯಾದ ಮೇಲ್ಮೈ ಇದ್ದರೆ ನೀರು ತಗ್ಗುಗಳಿಗೆ ಇಳಿದು ಉಬ್ಬುಗಳು ಕೈಗೆ ಸಿಗುವುದರಿಂದ ಇನ್ನಷ್ಟು ಹೊತ್ತು ನಿಲ್ಲುತ್ತದೆ.

ಪಿವಿಸಿಯ ಕಥೆ ಇದಕ್ಕಿಂತ ಬೇಗ ಮುಗಿಯುತ್ತದೆ. ಅದರೊಳಗಿನ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಒಂದು ಹನಿಯನ್ನೂ ಹೀರುವುದಿಲ್ಲ. ಒಣ ಕೈಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ತೇವವಾದಂತೆ ಹಿಡಿತ ಬಿಡುತ್ತದೆ, ಒದ್ದೆಯಾದರೆ ಜಾರುಬಂಡೆಯೇ ಸರಿ. ಹೊಸ ಪಿವಿಸಿ ಮ್ಯಾಟ್ ಒಣಗಿದ್ದಾಗಲೂ ಜಾರಿದರೆ ಗಾಬರಿ ಬೇಡ. ತಯಾರಿಕೆಯಲ್ಲಿ ಉಳಿದ ತೆಳು ಲೇಪ ಸೋಪುನೀರಿನಲ್ಲಿ ತೊಳೆದು ಕೆಲವು ವಾರ ಬಳಸಿದ ಮೇಲೆ ಹೋಗುತ್ತದೆ.

ಕಾರ್ಕ್‌ನದು ತಲೆಕೆಳಗಾದ ಸ್ವಭಾವ. ಇದು ಮೆಡಿಟರೇನಿಯನ್ ತೀರದ ಒಂದು ಜಾತಿಯ ಓಕ್ ಮರದ ತೊಗಟೆ. ಜಗತ್ತಿನ ಕಾರ್ಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಪೋರ್ಚುಗಲ್‌ನಿಂದ ಬರುತ್ತದೆ. ಅಲ್ಲಿ ಮರ ಕಡಿಯದೆ, ಒಂಬತ್ತು ವರ್ಷಕ್ಕೊಮ್ಮೆ ತೊಗಟೆಯನ್ನಷ್ಟೇ ಸುಲಿಯುತ್ತಾರೆ. ಆ ತೊಗಟೆಯ ತರಿಗಳನ್ನು ಅಂಟಿನಿಂದ ಬೆಸೆದು ತೆಳು ಹಾಳೆ ಮಾಡಿ, ಕೆಳಗೆ ರಬ್ಬರ್ ಜೋಡಿಸಿದರೆ ಮ್ಯಾಟ್ ಆಯಿತು. ನಮ್ಮ ಮಂಗಳೂರಿನ ಅಭ್ಯಾಸಿಗೆ ಮೊದಲ ಹತ್ತು ನಿಮಿಷ ಕಾರ್ಕ್ ನಿರಾಸೆ ತರುತ್ತದೆ, ಒಣ ಕೈ ಅದರ ಮೇಲೆ ಸರಿಯುತ್ತದೆ. ತೇವ ಬಂದೊಡನೆ ಹಿಡಿತ ಏರುತ್ತದೆ. ಉಳಿದವು ಕೈಬಿಡುವ ಹೊತ್ತಿಗೆ ಇದು ಕೈಹಿಡಿಯುತ್ತದೆ. ಬಲ್ಲವರು ಶುರುವಿನಲ್ಲೇ ಅಂಗೈ, ಪಾದ ತಾಗುವ ಜಾಗಕ್ಕೆ ನೀರು ಚಿಮುಕಿಸಿ ಈ ಕಾಯುವ ಹೊತ್ತನ್ನು ತಪ್ಪಿಸಿಕೊಳ್ಳುತ್ತಾರೆ.

ಸೆಣಬು ಹತ್ತಿಗಿಂತಲೂ ಹೆಚ್ಚು ತೇವ ಹೀರುವ ನಾರು. ಅದರ ಒರಟು ನೇಯ್ಗೆಯೇ ಹಿಡಿತ ಕೊಡುವುದರಿಂದ ಮೂರೂ ಹಂತಗಳಲ್ಲಿ ಒಂದೇ ಬಗೆಯ ಮಧ್ಯಮ ಹಿಡಿತ ಸಿಗುತ್ತದೆ. ಬೆವರಿಗೆ ಇದು ಒಳ್ಳೆಯದೇ. ಮೊಣಕೈ, ಮಂಡಿ, ಪಾದದ ಮೇಲ್ಭಾಗ ಉಜ್ಜಿ ಕೆಂಪಾಗುತ್ತವೆ ಎಂಬುದು ಅದಕ್ಕೆ ತೆರುವ ಬೆಲೆ. ಚತುರಂಗದಿಂದ ಊರ್ಧ್ವಮುಖ ಶ್ವಾನಾಸನಕ್ಕೆ ಕಾಲ್ಬೆರಳು ಹೊರಳಿಸುವವರಿಗೆ ಇದು ಬೇಗ ಗೊತ್ತಾಗುತ್ತದೆ. ಕುಳಿತು ಮಾಡುವ ಪ್ರಾಣಾಯಾಮ, ಧ್ಯಾನಕ್ಕೆ ಈ ತೊಂದರೆಯಿಲ್ಲ.

ಇಷ್ಟು ಕೇಳಿದವರಿಗೆ ಕಾರ್ಕ್ ಒಂದೇ ದಾರಿ ಎನಿಸಬಹುದು. ಆದರೆ ಮೈಸೂರಿನಲ್ಲಿ ಇದಕ್ಕೆ ಇನ್ನೊಂದು ಉತ್ತರ ಬಹುಕಾಲದಿಂದ ಇದೆ. ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಪರಂಪರೆಯ ಅಭ್ಯಾಸದಲ್ಲಿ ಬೆವರು ಧಾರಾಕಾರವಾಗಿ ಇಳಿಯುತ್ತದೆ. ಅಲ್ಲಿಗೆ ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳು ಮ್ಯಾಟಿನ ಮೇಲೆ ಹತ್ತಿಯ ಜಮಖಾನ ಹಾಸುವುದನ್ನು ರೂಢಿಸಿಕೊಂಡರು, ಇಂದು ‘ಮೈಸೂರ್ ರಗ್’ ಎಂಬ ಹೆಸರಿನಲ್ಲೇ ಅದು ಹೊರದೇಶಗಳಲ್ಲೂ ಮಾರಾಟವಾಗುತ್ತದೆ. ಹತ್ತಿಯೂ ಒಣಗಿದ್ದಾಗ ಜಾರಿ, ಒದ್ದೆಯಾದಾಗ ಹಿಡಿಯುತ್ತದೆ. ಕೆಳಗಿನ ರಬ್ಬರ್ ಜಮಖಾನವನ್ನು ಹಿಡಿಯುತ್ತದೆ, ಜಮಖಾನ ಕೈಯನ್ನು ಹಿಡಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಬಟ್ಟೆಯ ಜೊತೆ ಒಗೆದು ಒಣಹಾಕಬಹುದು. ದುಬಾರಿ ಮ್ಯಾಟುಗಳ ಜಾಹೀರಾತಿಗಿಂತ ನನಗೆ ಈ ಜೋಡಿಯ ಮೇಲೆ ನಂಬಿಕೆ ಹೆಚ್ಚು.

ಇನ್ನು ವಾಸನೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ತೋಟದವರಿಗೆ ಶೀಟ್ ಒಣಗಿಸುವ ಮನೆಯ ಗಾಢ ವಾಸನೆ ಗೊತ್ತಿರುತ್ತದೆ. ಮ್ಯಾಟ್ ಮಾಡುವಾಗ ರಬ್ಬರಿಗೆ ಗಂಧಕ ಬೆರೆಸಿ ಬಿಸಿಯಲ್ಲಿ ಗಟ್ಟಿಗೊಳಿಸುವುದರಿಂದ ಅದರ ಘಾಟೂ ಸೇರುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಬಿಚ್ಚಿ ನೇತುಹಾಕಿದರೆ ಕೆಲವು ವಾರಗಳಲ್ಲಿ ಇದು ಇಳಿಯುತ್ತದೆ. ರಬ್ಬರ್ ಹಾಲಿನ ಅಲರ್ಜಿ ಇರುವವರು ಮಾತ್ರ ಈ ಮ್ಯಾಟನ್ನೂ, ರಬ್ಬರ್ ತಳದ ಕಾರ್ಕ್ ಮ್ಯಾಟನ್ನೂ ಬಿಡುವುದು ಒಳ್ಳೆಯದು.

ಪಿವಿಸಿಯ ಹೊಸ ವಾಸನೆ ಬೇರೆ ಜಾತಿಯದು. ಪಿವಿಸಿ ಮೂಲತಃ ನೀರಿನ ಪೈಪಿನಂತೆ ಗಡುಸು. ಅದನ್ನು ಮೆತ್ತಗಾಗಿಸಲು ಬೆರೆಸುವ ರಾಸಾಯನಿಕಗಳಲ್ಲಿ ಥ್ಯಾಲೇಟ್ ಎಂಬ ಗುಂಪೂ ಒಂದು. ಇವುಗಳಲ್ಲಿ ಕೆಲವನ್ನು ಮಕ್ಕಳ ಆಟಿಕೆಗಳಲ್ಲಿ ಬಳಸಲು ಯುರೋಪಿನಲ್ಲಿ ನಿರ್ಬಂಧವಿದೆ. ವಾಸನೆ ಹೋದ ಮಾತ್ರಕ್ಕೆ ಥ್ಯಾಲೇಟ್ ಹೋಯಿತೆಂದಲ್ಲ, ಏಕೆಂದರೆ ಅವುಗಳಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಹೀಗಾಗಿ ಥ್ಯಾಲೇಟ್ ಬಳಸಿಲ್ಲ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದೆಯೇ ನೋಡಬೇಕು. ಮಕ್ಕಳು ಅದರ ಮೇಲೆ ಆಡುವ ಮನೆಯಲ್ಲಂತೂ ನೋಡಲೇಬೇಕು.

ಸೆಣಬಿನ ಮ್ಯಾಟ್ ಬಿಚ್ಚಿದಾಗ ಗೋಣಿಚೀಲದ ವಾಸನೆ ಬರುತ್ತದೆ. ನಾರು ಮೆತ್ತಗಾಗಿ ನೂಲಲು ಬರಲೆಂದು ಗಿರಣಿಗಳಲ್ಲಿ ಬೆರೆಸುವ ಖನಿಜ ಎಣ್ಣೆಯಿಂದ ಅದರ ಹೆಚ್ಚಿನ ಪಾಲು ಬರುತ್ತದೆ. ಈ ವಾಸನೆ ಕಾಳಿಗೆ ಹತ್ತಬಾರದೆಂದೇ ರಫ್ತಾಗುವ ಕಾಫಿ, ಕೋಕೋ ಚೀಲಗಳಿಗೆ ಸಸ್ಯಜನ್ಯ ಎಣ್ಣೆ ಹಾಕಿದ ಸೆಣಬನ್ನು ಬಳಸುತ್ತಾರೆ. ಮ್ಯಾಟಿನಲ್ಲಿ ಆ ವಾಸನೆ ನಿಧಾನವಾಗಿ ಕಡಿಮೆಯಾಗುತ್ತದೆ, ಆದರೆ ಬೆವರಿನದು ಸೇರಿಕೊಳ್ಳುತ್ತದೆ. ಹೀರಿದ ಬೆವರು ಒಣಗದೆ ಉಳಿದರೆ ಸೂಕ್ಷ್ಮಜೀವಿಗಳು ಬೆಳೆದು ಮುಗ್ಗಲು ವಾಸನೆ ಹಿಡಿಯುತ್ತದೆ. ಮಲೆನಾಡಿನ ಆಷಾಢದಲ್ಲಿ ಸುತ್ತಿಟ್ಟ ಸೆಣಬಿಗೆ ಬೂಸ್ಟು ಬರುವುದು ಕಷ್ಟವೇನಲ್ಲ. ನಾಲ್ಕರಲ್ಲಿ ವಾಸನೆ ಕಡಿಮೆ ಇರುವುದು ಕಾರ್ಕ್‌ಗೆ. ಹೊಸತರಲ್ಲಿ ಅದರಿಂದ ಬರುವ ಘಾಟು ಸಾಮಾನ್ಯವಾಗಿ ತಳದ ರಬ್ಬರಿನದು.

ಬಾಳಿಕೆಯಲ್ಲಿ ಗಟ್ಟಿ ಪಿವಿಸಿಯೇ ಮುಂದು. ವರ್ಷಗಟ್ಟಲೆ ದಿನವೂ ಬಳಸಿದರೂ ಚೂರಾಗುವುದಿಲ್ಲ. ಅದೇ ಗುಣದಿಂದ, ಎಸೆದ ಮೇಲೆಯೂ ಮಣ್ಣಾಗುವುದಿಲ್ಲ. ಅದನ್ನು ಕಸದ ಜೊತೆ ಸುಡಬಾರದು, ಅದರಲ್ಲಿರುವ ಕ್ಲೋರಿನ್‌ನಿಂದ ವಿಷದ ಹೊಗೆ ಏಳುತ್ತದೆ.

ರಬ್ಬರ್ ಮ್ಯಾಟ್ ಬೇಗ ಕೆಡುವುದು ಬಹುತೇಕ ನಮ್ಮ ಎರಡು ಅಭ್ಯಾಸಗಳಿಂದ. ಒಂದು, ತೊಳೆದು ತಾರಸಿಯ ಬಿಸಿಲಿಗೆ ಹಾಕುವುದು. ಹೂವಿನ ಪೊಟ್ಟಣಕ್ಕೆ ಹಾಕಿದ ರಬ್ಬರ್ ಬ್ಯಾಂಡ್ ಕಿಟಕಿಯ ಬಳಿ ಉಳಿದರೆ ಒಣಗಿ ತುಂಡಾಗುವಂತೆ, ಮ್ಯಾಟೂ ಬಿಸಿಲಿಗೆ ಮೇಲ್ಪದರ ಗಡುಸಾಗಿ ಬಿರುಕು ಬಿಡುತ್ತದೆ. ಇನ್ನೊಂದು ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚಿದ ಕೈಕಾಲಿನಲ್ಲಿ ಮ್ಯಾಟ್ ಏರಿದರೆ ಆಗಲೇ ಜಾರುವುದಷ್ಟೇ ಅಲ್ಲ, ನೈಸರ್ಗಿಕ ರಬ್ಬರ್ ಎಣ್ಣೆ ಹೀರಿ ಉಬ್ಬಿ ಸಡಿಲವಾಗುತ್ತದೆ. ಸುತ್ತುವಾಗ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣುವುದು, ಅಂಗೈ ಇಡುವ ಜಾಗದಿಂದ ಪುಡಿ ಉದುರುವುದು ಅದರ ಕೊನೆಗಾಲದ ಗುರುತುಗಳು. ಕಾರ್ಕ್ ಮ್ಯಾಟನ್ನು ಕಾರ್ಕ್ ಹೊರಬದಿಗೆ ಬರುವಂತೆ ಸಡಿಲವಾಗಿ ಸುತ್ತಬೇಕು. ಬಿಗಿಯಾಗಿ ಮಡಚಿದರೆ ಅಂಚು ಒಡೆದು, ಪದರ ತಳದಿಂದ ಬಿಟ್ಟುಕೊಳ್ಳುತ್ತದೆ. ಸೆಣಬು ಎಳೆ ಬಿಡುತ್ತದೆ, ಮೆಷಿನ್‌ನಲ್ಲಿ ಒಗೆದರೆ ನಾರು ಒಂದು ಪ್ರಮಾಣದಲ್ಲಿ, ತಳದ ಹಾಳೆ ಇನ್ನೊಂದು ಪ್ರಮಾಣದಲ್ಲಿ ಕುಗ್ಗಿ ಮೂಲೆಗಳು ಮೇಲೆದ್ದು ನಿಲ್ಲುತ್ತವೆ.

ಅಂಗಡಿಯಲ್ಲಿ ಪರೀಕ್ಷಿಸಲು ತಕ್ಕಡಿ ಸಾಕು. ಸಾಮಾನ್ಯ ಅಳತೆಯ ಐದು ಮಿಲಿಮೀಟರ್ ದಪ್ಪದ ರಬ್ಬರ್ ಮ್ಯಾಟ್ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ‘ರಬ್ಬರ್’ ಎಂದು ಕೊಟ್ಟದ್ದು ಒಂದು ಕಿಲೋ ಕೂಡ ಇಲ್ಲದಿದ್ದರೆ ಅದು ಹಗುರ ಫೋಮ್ ಎಂದು ತಿಳಿಯಿರಿ. ಸೆಣಬಿನ ಮ್ಯಾಟ್ ಆದರೆ ತಿರುಗಿಸಿ ತಳ ನೋಡಿ, ‘ನೈಸರ್ಗಿಕ’ ಎಂದು ಮಾರುವ ಎಷ್ಟೋ ಸೆಣಬಿನ ಮ್ಯಾಟುಗಳ ತಳ ಪ್ಲಾಸ್ಟಿಕ್. ಆಮೇಲೆ ಅಂಗೈಯನ್ನು ನೀರಿನಲ್ಲಿ ತೋಯಿಸಿ, ಮ್ಯಾಟಿನ ಮೇಲೆ ಒತ್ತಿ ಮುಂದಕ್ಕೆ ತಳ್ಳಿ ನೋಡಿ. ಒಣ ಕೈಯಲ್ಲಿ ಮುಟ್ಟಿ ಕೊಳ್ಳುವುದು ಅರ್ಧ ಪರೀಕ್ಷೆ ಮಾತ್ರ.

ಕಲಬುರಗಿ, ವಿಜಯಪುರದ ಒಣ ಹವೆಯಲ್ಲಿ, ಅಥವಾ ಬೆವರು ಕಡಿಮೆ ಇರುವವರಿಗೆ ತರಿಯಾದ ಮೇಲ್ಮೈಯ ರಬ್ಬರ್ ಒಂದೇ ಸಾಕು. ಕರಾವಳಿಯವರಿಗೆ ಮತ್ತು ಹೆಚ್ಚು ಬೆವರುವವರಿಗೆ ರಬ್ಬರಿನ ಮೇಲೆ ಜಮಖಾನ, ಕೈಗೆಟುಕಿದರೆ ಕಾರ್ಕ್. ಕುಳಿತು ಅಭ್ಯಾಸ ಮಾಡುವವರು ಸೆಣಬು ಕೊಳ್ಳಲಿ. ಈಗಾಗಲೇ ಮನೆಯಲ್ಲಿ ಪಿವಿಸಿ ಮ್ಯಾಟ್ ಇದ್ದು ಅದು ಜಾರುತ್ತಿದ್ದರೆ ಹೊಸದಕ್ಕೆ ದುಡ್ಡು ಹಾಕುವ ಮೊದಲು ಒಂದು ಹತ್ತಿಯ ಜಮಖಾನ ತಂದು, ಕೈ ಇಡುವ ಜಾಗಕ್ಕೆ ನೀರು ಚಿಮುಕಿಸಿ, ಒಂದು ವಾರ ಅಭ್ಯಾಸ ಮಾಡಿ ನೋಡಿ.